ನೂರಾ ಇಪ್ಪತ್ತೇಳು ತಿಂಗಳೋ, ನೂರಾ ನಾಲ್ಕೋ?

ದಾವಣಗೆರೆಯಲ್ಲಿ ಮನೆ ಕಟ್ಟಿಕೊಂಡಿರುವ ದಂಪತಿಯ ಪ್ರಕರಣ ಇದು. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಹೆಂಡತಿ ಪ್ರೌಢಶಾಲೆಯ ಶಿಕ್ಷಕಿ, ಗಂಡನಿಗೆ ಸ್ವಂತ ಮುದ್ರಣದ ಅಂಗಡಿ. ಮಗಳು ಮೂರನೇ ತರಗತಿಗೆ ಕಾಲಿಟ್ಟಿದ್ದಳು. ಗೃಹಸಾಲದಲ್ಲಿ ಬಾಕಿ 10 ಲಕ್ಷ ರೂಪಾಯಿ, ಬಡ್ಡಿ ಶೇ. 9, ಕಂತು 10,143 ರೂಪಾಯಿ, ಉಳಿದ ಅವಧಿ 180 ತಿಂಗಳು. ಚನ್ನಗಿರಿ ಕಡೆಯ ಅಡಿಕೆ ತೋಟದ ಪಾಲಿನಿಂದ ವರ್ಷಕ್ಕೊಮ್ಮೆ 50,000 ರೂಪಾಯಿ ಕೈಗೆ ಬರುತ್ತಿತ್ತು. ಅದನ್ನು ಸಾಲಕ್ಕೆ ಕಟ್ಟಬೇಕೆಂಬುದು ಹೆಂಡತಿಯ ಆಸೆ. ಗಂಡನಿಗೆ ಅದು ದಂಡ ಎನಿಸಿತ್ತು.

ಅವರು ಕಾಗದದಲ್ಲಿ ಲೆಕ್ಕ ಹಾಕಿಕೊಂಡೇ ಬಂದಿದ್ದರು. "ಮೇಡಂ, ಐವತ್ತು ಸಾವಿರ ಎಂದರೆ ಹೆಚ್ಚುಕಡಿಮೆ ಐದು ಕಂತು. ವರ್ಷಕ್ಕೆ ಹನ್ನೆರಡರ ಬದಲು ಹದಿನೇಳು ಕಂತು ಕಟ್ಟಿದ ಹಾಗೆ. ನೂರಾ ಎಂಬತ್ತನ್ನು ಹದಿನೇಳರಿಂದ ಭಾಗಿಸಿದರೆ ಹತ್ತೂವರೆ ವರ್ಷ. ಅಷ್ಟು ಹೊತ್ತಿಗೆ ಮಗಳು ಪದವಿ ಓದುತ್ತಿರುತ್ತಾಳೆ, ಆಕೆಯ ಶುಲ್ಕ, ಸಾಲದ ಕಂತು ಎರಡೂ ಒಟ್ಟಿಗೆ ಬರುತ್ತವೆ. ಅದಕ್ಕಿಂತ ಈ ಹಣವನ್ನು ಠೇವಣಿ ಇಡುವುದು ಮೇಲಲ್ಲವೇ?"

ಭಾಗಾಕಾರ ಸರಿಯಾಗಿಯೇ ಇತ್ತು. 127 ತಿಂಗಳು ಎಂದು ಅವರ ಕಾಗದ ಹೇಳುತ್ತಿತ್ತು. ಆದರೆ ಐವತ್ತು ಸಾವಿರವನ್ನು ಕಂತುಗಳಾಗಿ ಒಡೆದದ್ದೇ ಅಲ್ಲಿನ ಎಡವಟ್ಟು. ಕಂತಿನೊಳಗೆ ಬಡ್ಡಿಯೂ ಇರುತ್ತದೆ, ಅಸಲೂ ಇರುತ್ತದೆ. ಅವರ ಮುಂದಿನ ಕಂತನ್ನೇ ಬಿಡಿಸಿ ತೋರಿಸಿದೆ. 10 ಲಕ್ಷಕ್ಕೆ ತಿಂಗಳಿಗೆ ಮುಕ್ಕಾಲು ಪರ್ಸೆಂಟ್ ಬಡ್ಡಿ, ಅಂದರೆ 7,500. ಕಟ್ಟುವ 10,143ರಲ್ಲಿ ಅಸಲಿಗೆ ಹೋಗುವುದು 2,643 ಮಾತ್ರ. ಪ್ರತ್ಯೇಕವಾಗಿ ಕಟ್ಟುವ 50,000 ಹಾಗಲ್ಲ, ಅದು ಪೂರ್ತಿ ಅಸಲಿನಿಂದಲೇ ಕಳೆಯುತ್ತದೆ. ಆದ್ದರಿಂದ ಮೊದಲ ವರ್ಷದ ಕೊನೆಯಲ್ಲಿ ಕಟ್ಟುವ ಐವತ್ತು ಸಾವಿರ ಐದಲ್ಲ, ಹದಿನಾರು ಕಂತುಗಳನ್ನು ನುಂಗುತ್ತದೆ. ಎಂಟನೇ ವರ್ಷದಲ್ಲಿ ಕಟ್ಟುವ ಅದೇ ಮೊತ್ತ ನುಂಗುವುದು ಐದನ್ನೇ, ಏಕೆಂದರೆ ಆಗಿನ ಕಂತುಗಳಲ್ಲಿ ಬಡ್ಡಿ ಬಹುಪಾಲು ಕರಗಿರುತ್ತದೆ. ಗಂಡನ ಲೆಕ್ಕ ಎಂಟನೇ ವರ್ಷಕ್ಕೆ ಹೊಂದುವ ಲೆಕ್ಕ, ಅದನ್ನು ಅವರು ಎಲ್ಲ ವರ್ಷಗಳಿಗೂ ಹಚ್ಚಿದ್ದರು.

ತಿಂಗಳುಗಳನ್ನು ಸರಿಯಾಗಿ ಎಣಿಸಲು ವರ್ಷ ವರ್ಷವಾಗಿ ನಡೆಯಬೇಕು. ಬಾಕಿಗೆ ಹನ್ನೆರಡು ತಿಂಗಳ ಬಡ್ಡಿ ಸೇರಿಸಿ, ಕಂತುಗಳನ್ನು ಕಳೆದು, ಕೊನೆಗೆ 50,000 ಕಳೆಯುವುದು. ಶಿಕ್ಷಕಿಗೆ ಎಕ್ಸೆಲ್ ಗೊತ್ತಿತ್ತು, ಅವರಿಂದಲೇ ಮಾಡಿಸಿದೆ. A1 ಕೋಶದಲ್ಲಿ 1000000 ಬರೆದು, A2ರಲ್ಲಿ ಈ ಸೂತ್ರ ಹಾಕಿ ಕೆಳಕ್ಕೆ ಎಳೆದರು:

```
=-FV(9%/12,12,-10143,A1)-50000
```

ಮೊದಲ ವರ್ಷದ ಕೊನೆಗೆ 9,16,942. ನಾಲ್ಕನೆಯದಕ್ಕೆ 6,18,029. ಎಂಟನೆಯದಕ್ಕೆ, A9 ಕೋಶದಲ್ಲಿ, 71,275. ಅದರ ಮುಂದಿನ ಸಾಲು ಋಣಸಂಖ್ಯೆಯಾಯಿತು, ಅಂದರೆ ಒಂಬತ್ತನೇ ವರ್ಷದೊಳಗೆ ಸಾಲ ಮುಗಿದಿರುತ್ತದೆ. ಯಾವ ತಿಂಗಳಲ್ಲಿ ಎಂದು ತಿಳಿಯಲು ಆ ಕೊನೆಯ ಬಾಕಿಗೆ ಬರೀ ಕಂತಿನ ಲೆಕ್ಕ ಸಾಕು:

```
=8*12+ROUNDUP(NPER(9%/12,-10143,A9),0)
```

ಒಳಗಿನ NPER ಕೊಡುವ ಉತ್ತರ 7.25. ಅಂದರೆ ಏಳು ಪೂರ್ಣ ಕಂತು, ಎಂಟನೆಯದಾಗಿ ಸುಮಾರು 2,500 ರೂಪಾಯಿಯ ಚಿಕ್ಕ ಕಂತು. ಒಟ್ಟು 104 ತಿಂಗಳು. ಎಂಟು ವರ್ಷ ಎಂಟು ತಿಂಗಳು, ಮಗಳು ಇನ್ನೂ ಪಿಯುಸಿಯಲ್ಲಿರುವಾಗಲೇ. ಬಡ್ಡಿಯ ಒಟ್ಟು ಹೊರೆಯೂ 8.26 ಲಕ್ಷದಿಂದ ಸುಮಾರು 4.47 ಲಕ್ಷಕ್ಕೆ ಇಳಿಯುತ್ತದೆ. ಗಂಡ ಆ ಅಂಕಿಯನ್ನು ಎರಡು ಸಲ ನೋಡಿದರು. ಠೇವಣಿಯ ಮಾತು ಮತ್ತೆ ಎತ್ತಲಿಲ್ಲ. ಶೇ. 9ರ ಸಾಲ ಇಟ್ಟುಕೊಂಡು ಅದಕ್ಕಿಂತ ಕಡಿಮೆ ಬಡ್ಡಿಯ ಠೇವಣಿಗೆ ಹಣ ಹಾಕುವುದು, ಮೇಲೆ ಆ ಬಡ್ಡಿಗೆ ತೆರಿಗೆಯನ್ನೂ ಕಟ್ಟುವುದು ನನಗೆ ಯಾವಾಗಲೂ ವಿಚಿತ್ರವಾಗಿಯೇ ಕಂಡಿದೆ. ಆರು ತಿಂಗಳ ಮನೆಖರ್ಚು ಪಕ್ಕಕ್ಕಿದ್ದರೆ ಸಾಕು ಎಂದೆ, ಅವರಲ್ಲಿ ಅದು ಇತ್ತು.

ಹೆಂಡತಿಯ ಆತಂಕ ಬೇರೆ. ಕೊಳೆರೋಗ ಬಂದರೆ, ಧಾರಣೆ ಕುಸಿದರೆ, ಯಾವುದೋ ವರ್ಷ ಆ ಐವತ್ತು ಸಾವಿರವೇ ಬಾರದಿದ್ದರೆ? ಮೂರನೇ ವರ್ಷದ ಸೂತ್ರದಿಂದ 50,000 ಅಳಿಸಿ ನೋಡಿದೆವು. ಎಂಟನೇ ವರ್ಷದ ಕೊನೆಗೆ ಬಾಕಿ 1,49,559. ಇದಕ್ಕೆ NPER 15ಕ್ಕೂ ಹೆಚ್ಚು ತೋರಿಸುತ್ತದೆ, ಆದರೆ ಅದನ್ನು ಹಾಗೆಯೇ 96ಕ್ಕೆ ಕೂಡಿಸಬಾರದು. ಹನ್ನೆರಡು ತಿಂಗಳಾದಾಗ ಮತ್ತೊಂದು ವರ್ಷದ ಅಡಿಕೆ ಹಣ ಬರುತ್ತದೆ, ಆಗ ಉಳಿದಿರುವುದು 36,724 ಮಾತ್ರ. ಅಲ್ಲಿಗೇ ಸಾಲ ತೀರುತ್ತದೆ. ಒಂದು ವರ್ಷ ತಪ್ಪಿದ್ದಕ್ಕೆ ತಡವಾದದ್ದು ನಾಲ್ಕೇ ತಿಂಗಳು. NPER ಉತ್ತರ 12 ದಾಟಿದರೆ ಮುಂದಿನ ಸಾಲನ್ನೂ ನೋಡಬೇಕೆಂದು ಹಾಳೆಯಲ್ಲೇ ಬರೆದುಕೊಟ್ಟೆ.

ಬ್ಯಾಂಕಿನಲ್ಲಿ ಏನು ಮಾಡಬೇಕೆಂಬುದನ್ನು ಬಿಡಿಸಿ ಹೇಳಿದೆ. ಅವರದು ಬದಲಾಗುವ ಬಡ್ಡಿದರದ ಗೃಹಸಾಲ. ಇಂಥ ಸಾಲವನ್ನು ಮುಂಚಿತವಾಗಿ ತೀರಿಸಿದರೆ ಬ್ಯಾಂಕುಗಳು ದಂಡ ಹಾಕಬಾರದೆಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ. ಸ್ಥಿರ ದರದ ಸಾಲವಾಗಿದ್ದರೆ ಒಪ್ಪಂದಪತ್ರ ಓದದೆ ಕಟ್ಟಬೇಡಿ ಎನ್ನುತ್ತಿದ್ದೆ. ಬಡ್ಡಿದರ ಏರಿದಾಗ ಬ್ಯಾಂಕ್ ಸಾಮಾನ್ಯವಾಗಿ ಕಂತನ್ನು ಹಾಗೆಯೇ ಬಿಟ್ಟು ಅವಧಿಯನ್ನು ಹಿಗ್ಗಿಸುತ್ತದೆ, ಆಗ ಸೂತ್ರದ ಶೇ. 9 ಬದಲಿಸಿ ಮತ್ತೆ ಎಣಿಸಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಅರ್ಜಿ. ಹಣ ಕಟ್ಟುವಾಗ "ಕಂತಿನ ಮೊತ್ತ ಇದ್ದಂತೆಯೇ ಇರಲಿ, ಅವಧಿಯನ್ನು ಕಡಿಮೆ ಮಾಡಿ" ಎಂದು ಬರೆದುಕೊಟ್ಟು, ಪ್ರತಿಗೆ ಮೊಹರು ಹಾಕಿಸಿಕೊಳ್ಳಬೇಕು.

ಮರುವರ್ಷ ಅಡಿಕೆ ಹಣ ಬಂದಾಗ ಗಂಡ ಅವಸರದಲ್ಲಿ ಮೊಬೈಲಿನಿಂದಲೇ ಕಟ್ಟಿದರು, ಅರ್ಜಿ ಕೊಡಲಿಲ್ಲ. ಕೆಲವು ದಿನ ಬಿಟ್ಟು ಸಂದೇಶ ಬಂತು: ಹೊಸ ಕಂತು 9,619 ರೂಪಾಯಿ, ಉಳಿದ ಅವಧಿ 168 ತಿಂಗಳು. ಕಂತು ಇಳಿಯಿತೆಂದು ಅವರು ಖುಷಿಯಿಂದಲೇ ಫೋನ್ ಮಾಡಿದ್ದರು. ತಿಂಗಳಿಗೆ ಐನೂರು ಚಿಲ್ಲರೆ ಉಳಿತಾಯ ನಿಜ, ಆದರೆ ಹದಿನಾರು ತಿಂಗಳ ಲಾಭ ಕೈತಪ್ಪುತ್ತದೆ. ವರ್ಷವರ್ಷವೂ ಹೀಗೇ ಆದರೆ 104ರ ಲೆಕ್ಕಕ್ಕೆ ಅರ್ಥವೇ ಇರುವುದಿಲ್ಲ ಎಂದೆ.

ಮರುದಿನ ದಂಪತಿ ಶಾಖೆಗೆ ಹೋಗಿ ಅರ್ಜಿ ಕೊಟ್ಟು ಕಂತನ್ನು 10,143ಕ್ಕೇ ಮರಳಿಸಿಕೊಂಡರು. ಮುಂದಿನ ತಿಂಗಳ ಖಾತೆ ವಿವರದಲ್ಲಿ ಏನು ನೋಡಬೇಕೆಂದು ಮೊದಲೇ ತಿಳಿಸಿದ್ದೆ. 50,000ಕ್ಕೆ ತಿಂಗಳ ಬಡ್ಡಿ 375. ಹಣ ಅಸಲಿಗೆ ಸೇರಿದ್ದರೆ ಬಡ್ಡಿಯ ಕಾಲಂನಲ್ಲಿ 7,252ರ ಬದಲು 6,877ರ ಆಸುಪಾಸು ಇರಬೇಕು. ಬ್ಯಾಂಕ್ ದಿನಗಳನ್ನು ಎಣಿಸುವುದರಿಂದ ಸ್ವಲ್ಪ ಆಚೀಚೆ ಆಗಬಹುದು. 7,252ರ ಹತ್ತಿರವೇ ನಿಂತಿದ್ದರೆ ಆ ಹಣವನ್ನು ಮುಂಗಡ ಕಂತುಗಳೆಂದು ಬದಿಗಿಟ್ಟಿದ್ದಾರೆ ಎಂದೇ ತಿಳಿಯಬೇಕು. ವಿವರದಲ್ಲಿ ಬಡ್ಡಿ ಇಳಿದಿತ್ತು, ಉಳಿದ ಅವಧಿ 152 ಎಂದಿತ್ತು. ಅರ್ಜಿಯ ನಮೂನೆಯ ಹಲವು ಪ್ರತಿಗಳನ್ನು ಶಿಕ್ಷಕಿ ಗಂಡನ ಅಂಗಡಿಯಲ್ಲೇ ಮುದ್ರಿಸಿಟ್ಟುಕೊಂಡಿದ್ದಾರೆ, ಇನ್ನು ಮುಂದೆ ದಿನಾಂಕ ತುಂಬಿ ಸಹಿ ಹಾಕಿದರೆ ಆಯಿತು.