ಭಾಗಿಯ ಎರಡು ಜಾಲಿ ಗಿಡಗಳು

ಪ್ರಶ್ನೆ: ಶಾಲೆಗೆ ಹೋಗುವ ದಾರಿಯಲ್ಲಿ ಗಿಡಗಳ ಫೋಟೋ ತೆಗೆದು ಅವುಗಳ ಹೆಸರು ಕಲಿಯುವ ಮಗುವಿನ ಬಗ್ಗೆ ಒಂದು ಪುಟ್ಟ ಕಥೆ ಬೇಕಿತ್ತು. ನಮ್ಮ ಕಲಬುರಗಿ ಕಡೆಯ ಗಿಡಗಳೇ ಇರಲಿ. ಯಾರಾದ್ರೂ ಬರೆದು ಕೊಡ್ತೀರಾ?

ನಾನು ಚಿತ್ತಾಪುರ ತಾಲ್ಲೂಕಿನಲ್ಲಿ ಐದನೇ ಕ್ಲಾಸಿಗೆ ಪಾಠ ಮಾಡುತ್ತೇನೆ. ನಮ್ಮ ಮಕ್ಕಳಿಗೆ ಹೇಳುವ ಕಥೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಭಾಗಿ ಕಥೆಯ ಹುಡುಗಿ. ಗಿಡಗಳು ಮಾತ್ರ ನಿಜವಾದವು, ನೀವೂ ಹೋಗಿ ನೋಡಬಹುದು. ಕಥೆ ತುಂಬ ಹತ್ತಾರು ಗಿಡ ತುಂಬಿದರೆ ಮಕ್ಕಳ ತಲೆಯಲ್ಲಿ ಒಂದೂ ಉಳಿಯಲ್ಲ. ಹಾಗಾಗಿ ಮುಖ್ಯವಾಗಿ ಎರಡೇ ಗಿಡ ಇಟ್ಟುಕೊಂಡಿದ್ದೇನೆ.

ಭಾಗಿಯ ಮನೆ ಊರ ಹೊರಗೆ, ಹೊಲದಲ್ಲಿ. ಶಾಲೆಗೆ ಹೋಗಬೇಕಾದರೆ ತೊಗರಿ ಹೊಲದ ಒಡ್ಡಿನ ಮೇಲೆ ನಡೆದು, ಹಳ್ಳ ದಾಟಿ, ಹನುಮಂತ ದೇವರ ಗುಡಿ ಮುಂದೆ ಹಾದು ಹೋಗಬೇಕು. ಶಾಲೆ ಶುರುವಾದ ಜೂನ್ ತಿಂಗಳಲ್ಲಿ ಟೀಚರ್ ಒಂದು ಕೆಲಸ ಕೊಟ್ಟರು: ದಾರಿಯಲ್ಲಿ ಕಾಣುವ ಗಿಡಗಳ ಹೆಸರು ಬರೆದುಕೊಂಡು ಬರಬೇಕು. ಭಾಗಿ ಅಪ್ಪನ ಹಳೆ ಫೋನ್ ಕೇಳಿದಳು. ಸಿಮ್ ಇರಲಿಲ್ಲ, ಗಾಜು ಒಂದು ಮೂಲೆಯಲ್ಲಿ ಒಡೆದಿತ್ತು, ಕ್ಯಾಮೆರಾ ಚೆನ್ನಾಗಿತ್ತು. ಶಾಲೆ ಮುಟ್ಟಿದ ಕೂಡಲೇ ಫೋನನ್ನು ಟೀಚರ್ ಕೈಗೆ ಕೊಡಬೇಕು, ಸಂಜೆ ತಗೊಂಡು ಹೋಗಬೇಕು ಅಂತ ಮಾತಾಯಿತು.

ಮೊದಲ ದಿನವೇ ಬೇವು, ಎಕ್ಕ, ಹುಣಸೆ ಎಲ್ಲ ಬಂದವು. ಅವು ಅವಳಿಗೆ ಗೊತ್ತಿದ್ದವೇ. ಒಡ್ಡಿನ ಮೇಲಿದ್ದ ಮುಳ್ಳಿನ ಗಿಡದ ಫೋಟೋ ತೆಗೆದು ಕೆಳಗೆ "ಜಾಲಿ" ಅಂತ ಬರೆದಳು. ಹಳ್ಳದ ದಂಡೆಯ ಮುಳ್ಳಿನ ಗಿಡಕ್ಕೂ "ಜಾಲಿ" ಅಂತಲೇ ಬರೆದಳು.

ಹಳ್ಳದ ಹತ್ತಿರ ಕುರಿ ಮುತ್ಯಾ ಸಿಕ್ಕ. ಆಡು, ಕುರಿ ಎರಡೂ ಮೇಯಿಸುತ್ತಾನೆ, ಕೈಯಲ್ಲಿ ಯಾವಾಗಲೂ ದೋಟಿ.

"ಏನ್ ಮಾಡ್ಲಾಕತ್ತಿ ತಂಗಿ?"

"ಜಾಲಿ ಗಿಡದ ಫೋಟೋ ತೆಗಿಲಾಕತ್ತೀನಿ ಮುತ್ಯಾ."

ಮುತ್ಯಾ ಎರಡೂ ಫೋಟೋ ನೋಡಿದ. "ಒಡ್ಡಿನ ಮ್ಯಾಗಿಂದು ನಮ್ಮ ಕರಿಜಾಲಿ. ಇದು ಬಳ್ಳಾರಿ ಜಾಲಿ. ಎರಡೂ ಬ್ಯಾರೆ ಬ್ಯಾರೆ ಅವ. ನನ್ನ ಆಡಿಗಿ ಕೇಳು, ಅದು ಹೇಳ್ತದ."

ಮುತ್ಯಾ ದೋಟಿಯಿಂದ ಒಡ್ಡಿನ ಗಿಡದ ಟೊಂಗೆ ಎಳೆದರೆ ಆಡುಗಳು ಮುಗಿಬಿದ್ದು ತಪ್ಪಲು ತಿಂದವು. ಬಳ್ಳಾರಿ ಜಾಲಿಯ ಬಲಿತ ತಪ್ಪಲನ್ನು ಮೂಸಿ ಬಿಟ್ಟವು. ಆಡಿಗೆ ಗೊತ್ತಾಗುವ ವ್ಯತ್ಯಾಸ ಭಾಗಿಯ ಫೋಟೋದಲ್ಲಿ ಇರಲೇ ಇಲ್ಲ. ಎರಡರಲ್ಲೂ ದೂರದಿಂದ ತೆಗೆದ ಹಸಿರು ಗುಡ್ಡೆ, ಅಷ್ಟೇ.

ಸಂಜೆ ಹತ್ತಿರ ಹೋಗಿ ತೆಗೆಯಲು ನೋಡಿದಳು. ಎಲೆ ಮಸುಕಾಗಿ, ಹಿಂದಿನ ಹೊಲ ಸ್ಪಷ್ಟವಾಗಿ ಬಂತು. ಜಾಲಿಯಂಥ ಸಣ್ಣ ಎಲೆಯ ಗಿಡಗಳಲ್ಲಿ ಹೀಗಾಗುತ್ತದೆ. ಎಲೆಗಳ ಸಂದಿಯಿಂದ ಹಿಂದಿನದು ಕಾಣುವುದರಿಂದ ಕ್ಯಾಮೆರಾ ಅಲ್ಲಿಗೇ ಹೋಗಿ ನಿಲ್ಲುತ್ತದೆ. ಟೀಚರ್ ಉಪಾಯ ಹೇಳಿಕೊಟ್ಟರು: ಟೊಂಗೆಯ ಹಿಂದೆ ನೋಟ್‌ಬುಕ್ ಹಿಡಿ, ಪಕ್ಕದಲ್ಲಿ ಸ್ಕೇಲ್ ಇಡು, ತೆರೆಯ ಮೇಲೆ ಎಲೆ ಇರುವ ಕಡೆ ಬೆರಳಿಂದ ಮುಟ್ಟು, ಆಮೇಲೆ ಒತ್ತು. ಎಲೆ ಹರಿಯಬೇಡ, ಗಿಡದಲ್ಲೇ ಇರಲಿ. ಎಲೆ ಟೊಂಗೆಗೆ ಸೇರುವ ಜಾಗ, ಮುಳ್ಳು ಎರಡೂ ಫೋಟೋದಲ್ಲಿ ಬರಬೇಕು.

ಮರುದಿನ ಬೆಳಿಗ್ಗೆ ಗಾಳಿ ಇರಲಿಲ್ಲ. ಗೆಳತಿ ನೋಟ್‌ಬುಕ್ ಹಿಡಿದಳು, ಭಾಗಿ ಫೋಟೋ ತೆಗೆದಳು. ಶಾಲೆಯಲ್ಲಿ ಟೀಚರ್ ಎರಡೂ ಫೋಟೋ ದೊಡ್ಡದು ಮಾಡಿ ತೋರಿಸಿದರು. ನಾವು ಜಾಲಿಯ ಎಲೆ ಅಂದುಕೊಳ್ಳುವ ಸಣ್ಣ ಸಣ್ಣ ಹಸಿರು ಚೂರುಗಳು ಪೂರ್ತಿ ಎಲೆಗಳಲ್ಲ. ನಡುವೆ ಒಂದು ಕಡ್ಡಿ, ಅದಕ್ಕೆ ಎರಡೂ ಕಡೆ ಜೋಡಿ ಜೋಡಿ ಪಕ್ಕದ ಕಡ್ಡಿ, ಆ ಕಡ್ಡಿ ತುಂಬ ಕಿರುಎಲೆ. ಇದೆಲ್ಲ ಸೇರಿ ಒಂದು ಎಲೆ. ಭಾಗಿ ಎಣಿಸಿದಳು. ಒಡ್ಡಿನ ಗಿಡದ ಎಲೆಯಲ್ಲಿ ಐದು ಜೋಡಿ ಕಡ್ಡಿ, ಕಿರುಎಲೆಗಳು ಸ್ಕೇಲಿನ ಅರ್ಧ ಸೆಂಟಿಮೀಟರ್ ಗೆರೆಯನ್ನೂ ಮುಟ್ಟಲಿಲ್ಲ. ಹಳ್ಳದ ಗಿಡದಲ್ಲಿ ಎರಡೇ ಜೋಡಿ ಕಡ್ಡಿ, ಕಿರುಎಲೆ ಒಂದೂವರೆ ಸೆಂಟಿಮೀಟರ್ ಉದ್ದ.

ಮುಳ್ಳು ನೋಡಿ ಹೇಳಬಹುದು ಅಂತ ಒಬ್ಬ ಹುಡುಗ ವಾದ ಮಾಡಿದ. ಆದರೆ ಎರಡರಲ್ಲೂ ಜೋಡಿ ಮುಳ್ಳು ಕಂಡವು. ಇಲ್ಲಿ ಮುಳ್ಳು ನಂಬಿದರೆ ಮೋಸ. (ಕಥೆ ಹೇಳುವಾಗ ಇಲ್ಲಿ ನಿಲ್ಲಿಸಿ, ಮಕ್ಕಳಿಗೆ ಕೇಳಿ: ಹಾಗಾದ್ರೆ ಇನ್ನೇನು ನೋಡಬೇಕು? "ಹೂವು" ಅನ್ನೋರು ಸಿಕ್ಕೇ ಸಿಗುತ್ತಾರೆ.)

ಹೂವಿಗೆ ಮಳೆ ಚೆನ್ನಾಗಿ ಹಿಡಿಯುವವರೆಗೆ ಕಾಯಬೇಕಾಯಿತು. ಶ್ರಾವಣದಲ್ಲಿ ಕರಿಜಾಲಿ ತುಂಬ ಹಳದಿ ಹೂ. ಒಂದೊಂದೂ ದುಂಡಗೆ, ಮುಟ್ಟಿದರೆ ಬೆರಳಿಗೆ ಹಳದಿ ಪುಡಿ. ಬಳ್ಳಾರಿ ಜಾಲಿಯ ಹೂ ದುಂಡಗಿರಲಿಲ್ಲ. ಬೆರಳುದ್ದದ ಗೊಂಚಲು ಜೋತುಬಿದ್ದಿತ್ತು, ಬಣ್ಣ ಹಸಿರು ಕಲೆಸಿದ ಹಳದಿ. ಇಷ್ಟು ಕಂಡ ಮೇಲೆ ಭಾಗಿ ದೂರದಿಂದಲೇ ಗುರುತು ಹಿಡಿಯತೊಡಗಿದಳು.

ಚಳಿಗಾಲ ಮುಗಿಯುವ ಹೊತ್ತಿಗೆ ಕರಿಜಾಲಿಯಲ್ಲಿ ಕಾಯಿ ಬಲಿತವು. ಬೀಜ ಬೀಜದ ನಡುವೆ ಸೊಂಟ ಹಿಡಿದಂತೆ ಸಣ್ಣಗಾಗಿ, ದಾರಕ್ಕೆ ಪೋಣಿಸಿದ ಮಣಿಸರದ ಹಾಗೆ ಕಾಣುವ ಬೂದು ಬಣ್ಣದ ಕಾಯಿ. ಬಳ್ಳಾರಿ ಜಾಲಿಯ ಕಾಯಿ ಹಣ್ಣಾದಾಗ ಒಣಹುಲ್ಲಿನ ಬಣ್ಣ, ಚಪ್ಪಟೆ, ರುಚಿ ಸಿಹಿ. ತಪ್ಪಲು ಮುಟ್ಟದ ಆಡುಗಳು ಆ ಕಾಯಿಯನ್ನು ಮಾತ್ರ ಹುಡುಕಿ ತಿನ್ನುತ್ತಿದ್ದವು.

"ಅದಕ್ಕೇ ಇದು ಹಳ್ಳದ ತುಂಬ ಹಬ್ಬ್ಯಾದ ತಂಗಿ," ಅಂದ ಮುತ್ಯಾ. "ಆಡು ಕಾಯಿ ತಿಂತದ, ಬೀಜ ಹಿಕ್ಕಿಯೊಳಗ ಹೊರಗ ಬರ್ತದ, ಅಲ್ಲೇ ನಾಟ್ತದ."

ಭಾಗಿ ಹಿಕ್ಕಿಯ ಫೋಟೋ ಕೂಡ ತೆಗೆದಳು. ಕ್ಲಾಸಿನಲ್ಲಿ ಎಲ್ಲರೂ ನಕ್ಕರು. ಟೀಚರ್ ಮಾತ್ರ ಅದನ್ನೂ ಎರಡು ಜಾಲಿಗಳ ಫೋಟೋ ಜೊತೆಗೇ ಗೋಡೆಗೆ ಅಂಟಿಸಿದರು. ಒಂದು ಜಾಲಿಯ ಕೆಳಗೆ "ಕರಿಜಾಲಿ, ವಾಚೆಲಿಯಾ ನಿಲೋಟಿಕಾ", ಇನ್ನೊಂದರ ಕೆಳಗೆ "ಬಳ್ಳಾರಿ ಜಾಲಿ, ಪ್ರೊಸೊಪಿಸ್ ಜೂಲಿಫ್ಲೋರಾ" ಅಂತ ಬರೆದರು. ಎರಡನೆಯದರ ಮೂಲ ಅಮೆರಿಕ ಖಂಡ ಅಂತ ಹೇಳಿದಾಗ ಭಾಗಿಗೆ ನಂಬಲಿಕ್ಕೇ ಆಗಲಿಲ್ಲ. ನಮ್ಮ ಹಳ್ಳದಲ್ಲಿ ಅದೇ ಜಾಸ್ತಿ ಅಲ್ವಾ!

ಮರುದಿನ ಗುಡಿ ಮುಂದಿನ ಬನ್ನಿ ಗಿಡದ ಹತ್ತಿರ ನಿಂತು ಗೆಳತಿಗೆ ನೋಟ್‌ಬುಕ್ ಹಿಡಿಯಲು ಹೇಳಿದಳು. "ಇಲ್ಲಿ ಮುಳ್ಳು ಜೋಡಿ ಇಲ್ಲ ನೋಡು. ಟೊಂಗೆ ಮ್ಯಾಲ ಎಲ್ಲೆಂದರಲ್ಲಿ ಚದುರ್ಯಾವ."

ಕಥೆ ಇಷ್ಟೇ. ಬೀದರ್ ಕಡೆಯ ಕೆಂಪು ಮಣ್ಣಿನ ದಾರಿಯಲ್ಲಿ ಹೇಳುವುದಾದರೆ ಜಾಲಿಯ ಬದಲು ತಂಗಡಿ, ತಗಚೆ ಹಾಕಿಕೊಳ್ಳಿ. ಎರಡಕ್ಕೂ ಹಳದಿ ಹೂವೇ. ತಂಗಡಿಯ ಕಾಯಿ ಅಗಲ, ತೆಳು, ಚಪ್ಪಟೆ. ತಗಚೆಯದು ಸಣ್ಣಗೆ, ಉದ್ದಕ್ಕೆ, ಬಾಗಿರುತ್ತದೆ, ಎಲೆಯಲ್ಲಿ ಸಾಮಾನ್ಯವಾಗಿ ಮೂರೇ ಜೋಡಿ ಕಿರುಎಲೆ. ತಂಗಡಿಯಲ್ಲಿ ಜೋಡಿಗಳು ಅದಕ್ಕಿಂತ ತುಂಬಾ ಜಾಸ್ತಿ, ಎಲೆಯ ಬುಡದಲ್ಲಿ ಕಿವಿಯ ಹಾಗೆ ಅಗಲವಾದ, ದುಂಡನೆಯ ಹಸಿರು ಚೂರೂ ಇರುತ್ತದೆ. ಆ ಬುಡದ ಫೋಟೋ ಒಂದನ್ನು ಮರೆಯದೆ ತೆಗೆಸಿ.