ಫೋಟೋಗೆ ಗುರುತಿಲ್ಲದವರ ಸಲಿಗೆಯ ಕಾಮೆಂಟ್: ಏನಂತ ಉತ್ತರ ಕೊಡಲಿ?

ಪ್ರಶ್ನೆ: ಇನ್‌ಸ್ಟಾಗ್ರಾಮ್‌ನಲ್ಲಿ ನನ್ನದೊಂದು ಫೋಟೋ ಹಾಕಿದ್ದೆ. ಯಾರೋ ಗುರುತೇ ಇಲ್ಲದವರು "ಏನ್ ಚಿನ್ನಾ, ದಿನೇ ದಿನೇ ಚೆಂದ ಆಗ್ತಿದ್ದೀಯಲ್ಲ! ನಮ್ಮನ್ನೂ ಸ್ವಲ್ಪ ನೋಡು" ಅಂತ ಬರೆದಿದ್ದಾರೆ. ಜಗಳ ಬೇಡ, ಆದ್ರೆ ಸುಮ್ನಿರೋಕೂ ಆಗ್ತಿಲ್ಲ. ಮರ್ಯಾದೆಯಾಗಿ ದೂರ ಇಡೋದು ಹೇಗೆ?

ಉತ್ತರ:

ಮೊದಲು ಅವರ ಪ್ರೊಫೈಲ್ ಒಮ್ಮೆ ತೆಗೆದು ನೋಡಿ. ಇಬ್ಬರಿಗೂ ಗೊತ್ತಿರುವವರು ಯಾರಾದರೂ ಇದ್ದಾರಾ, ಬೇರೆಯವರ ಫೋಟೋಗಳಿಗೂ ಹೀಗೇ ಬರೆಯುತ್ತಾರಾ ಅಂತ ಗಮನಿಸಿ. ನಿಜಕ್ಕೂ ಗುರುತಿಲ್ಲದವರು ಅಂತ ಖಾತ್ರಿಯಾದರೆ ನಾನು ಇಷ್ಟು ಮಾತ್ರ ಬರೆಯುತ್ತೇನೆ:

"ಫೋಟೋ ಮೆಚ್ಚಿದ್ದಕ್ಕೆ ಧನ್ಯವಾದಗಳು. ನನಗೆ ನಿಮ್ಮ ಪರಿಚಯ ಇಲ್ಲ, ಹಾಗಾಗಿ ಇಷ್ಟು ಸಲಿಗೆಯ ಮಾತು ಬೇಡ."

ಮೊದಲ ವಾಕ್ಯದಲ್ಲಿ ಮೆಚ್ಚುಗೆ ಫೋಟೋಗೆ ಸೇರಿತು, ನಿಮಗಲ್ಲ. ಅವರು ನಿಮ್ಮ ಅಂದದ ಬಗ್ಗೆ ಹೇಳಿದ್ದನ್ನು ನೀವು ಕೈಗೆ ತೆಗೆದುಕೊಳ್ಳಲೇ ಇಲ್ಲ. ಎರಡನೆಯದರಲ್ಲಿ ಕಾರಣ ಇದೆ, ಆದರೆ ಬೈಗುಳ ಇಲ್ಲ. ಅವರು 'ನೀನು' ಅಂದರೂ ನೀವು 'ನೀವು' ಬಿಡಬೇಡಿ. ಸಿಟ್ಟಿನಲ್ಲಿ 'ನೀನ್ಯಾರೋ' ಅಂದರೆ ಅವರ ಮಟ್ಟದ ಮಾತಿಗೆ ನೀವೂ ಇಳಿದಂತೆ, ಅಲ್ಲಿಂದ ಮುಂದೆ ಏಕವಚನದಲ್ಲೇ ಕಿತ್ತಾಟ ನಡೆಯುತ್ತದೆ.

ಉತ್ತರದಲ್ಲಿ ಏನಿರಬಾರದು ಅನ್ನೋದೇ ನನಗೆ ಜಾಸ್ತಿ ಮುಖ್ಯ. ನಗುವ ಇಮೋಜಿ ಬೇಡ. ನಾವು ಮಾತು ಒರಟಾಗದಿರಲಿ ಅಂತ ಹಾಕುತ್ತೇವೆ, ಆದರೆ ಎದುರಿನವರು ಅದನ್ನು 'ಬೇಡ ಅಂದಿದ್ದು ಸುಮ್ನೆ' ಅಂತ ಓದಿಕೊಳ್ಳುತ್ತಾರೆ. ಅವರ ಕಾಮೆಂಟ್‌ಗೆ ಲೈಕ್ ಕೂಡ ಒತ್ತಬೇಡಿ. "ನೀವು ಯಾರು?" ಅಂತ ಕೇಳಬೇಡಿ. ಕೇಳಿದರೆ ಉತ್ತರ ಬರುತ್ತದೆ, ಆ ಉತ್ತರಕ್ಕೆ ಇನ್ನೊಂದು ಉತ್ತರ ಬೇಕಾಗುತ್ತದೆ. "ನಮ್ಮ ಮನೆಯವರು ನೋಡ್ತಾರೆ, ಹಾಗೆಲ್ಲ ಬರೀಬೇಡಿ" ಅನ್ನೋದೂ ಬೇಡ. ಹಾಗಂದರೆ ಮನೆಯವರು ನೋಡದ ಕಡೆ ಬರೆದರೆ ಪರವಾಗಿಲ್ಲ ಅಂತಾಗಿ, ಮುಂದಿನ ಮಾತು ನೇರವಾಗಿ ಇನ್‌ಬಾಕ್ಸ್‌ಗೆ ಬರುತ್ತದೆ.

"ಥ್ಯಾಂಕ್ಸ್ ಅಣ್ಣಾ" ಅಂದುಬಿಡಿ, ಸುಮ್ಮನಾಗ್ತಾರೆ ಅಂತ ತುಂಬಾ ಜನ ಸಲಹೆ ಕೊಡುತ್ತಾರೆ. ಕೆಲವೊಮ್ಮೆ ಕೆಲಸ ಮಾಡುತ್ತದೆ ನಿಜ. ನನಗೆ ಮಾತ್ರ ಅದು ಒಪ್ಪಿಗೆಯಿಲ್ಲ. ಸಂಬಂಧವೇ ಬೇಡ ಅನ್ನುವ ಕಡೆ ನಾವಾಗಿಯೇ ಒಂದು ಸಂಬಂಧ ಕಟ್ಟಿಕೊಟ್ಟ ಹಾಗಾಗುತ್ತದೆ. ಆಮೇಲೆ "ಅಣ್ಣ ಅಂತೀಯ, ನಂಬರ್ ಕೊಡೋಕೆ ಏನು?" ಅಂತ ಕೇಳುವವರೂ ಇರುತ್ತಾರೆ.

ನಿಮ್ಮ ಉತ್ತರಕ್ಕೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಆಗುತ್ತದೆ. ಒಂದು, "ಸಾರಿ, ತಪ್ಪಾಯ್ತು" ಅಂತಾರೆ. ಆಗ "ಪರವಾಗಿಲ್ಲ" ಅಂದು ಅಲ್ಲಿಗೇ ಮುಗಿಸಿ, ಸಮಾಧಾನ ಮಾಡೋಕೆ ಹೋಗಬೇಡಿ. ಇನ್ನೊಂದು, "ತಮಾಷೆಗೆ ಅಂದೆ, ಇಷ್ಟಕ್ಕೆಲ್ಲ ಕೋಪಾನಾ? ಹೊಗಳಿದ್ದೂ ತಪ್ಪಾ?" ಇದು ನಿಮ್ಮನ್ನು ವಾದಕ್ಕೆ ಎಳೆಯುವ ಮಾತು. ಕೋಪ ಇಲ್ಲ ಅಂತ ಸಾಬೀತು ಮಾಡುವ ಕೆಲಸ ನಿಮ್ಮದಲ್ಲ. ಇದಕ್ಕೆ ಉತ್ತರ ಬೇಕಾಗಿಲ್ಲ. ಹೇಳಬೇಕಾದ್ದನ್ನು ಒಮ್ಮೆ ಹೇಳಿಯಾಗಿದೆ, ಅಲ್ವಾ?

ಆದರೂ ನಿಲ್ಲಿಸದಿದ್ದರೆ 'ರಿಸ್ಟ್ರಿಕ್ಟ್' ಬಳಸಿ. ಬ್ಲಾಕ್ ಮಾಡುವುದಕ್ಕಿಂತ ಇದು ಸದ್ದಿಲ್ಲದ ದಾರಿ. ಅವರ ಪ್ರೊಫೈಲ್‌ನಲ್ಲಿ ಮೇಲಿರುವ ಮೂರು ಚುಕ್ಕಿ ಒತ್ತಿದರೆ ಸಿಗುತ್ತದೆ. ಆಮೇಲೆ ಅವರು ಹೊಸದಾಗಿ ಬರೆಯುವ ಕಾಮೆಂಟ್ ನೀವು ಒಪ್ಪುವವರೆಗೂ ಬೇರೆಯವರಿಗೆ ಕಾಣಿಸುವುದಿಲ್ಲ, ಅವರ ಕಣ್ಣಿಗೆ ಮಾತ್ರ ಇರುತ್ತದೆ. ಮೆಸೇಜ್ ಕಳಿಸಿದರೆ ರಿಕ್ವೆಸ್ಟ್ ಪಟ್ಟಿಗೆ ಹೋಗುತ್ತದೆ, ನೀವು ಓದಿದಿರಾ ಅಂತ ಅವರಿಗೆ ಗೊತ್ತಾಗುವುದಿಲ್ಲ. ಅವರಿಗೆ ಯಾವ ಸೂಚನೆಯೂ ಹೋಗುವುದಿಲ್ಲ. ಬ್ಲಾಕ್ ಮಾಡಿದರೆ ಹಟಕ್ಕೆ ಬಿದ್ದು ಬೇರೆ ಖಾತೆಯಿಂದ ಬರುವವರಿಗೆ ಇದೇ ಸರಿ.

ಇಷ್ಟು ಮರ್ಯಾದೆ ಎಲ್ಲರಿಗೂ ಸಲ್ಲುವುದಿಲ್ಲ ಅನ್ನೋದನ್ನೂ ಹೇಳಬೇಕು. ಮೈಯ ಬಗ್ಗೆ ಕೊಳಕು ಮಾತು, ಬೆದರಿಕೆ, ನೀವಿರುವ ಜಾಗ ಕೇಳುವುದು, ಇವುಗಳಿಗೆ ಧನ್ಯವಾದ ಹೇಳಬೇಡಿ, ಉತ್ತರವನ್ನೇ ಕೊಡಬೇಡಿ. ಖಾತೆಯ ಹೆಸರು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು, ರಿಪೋರ್ಟ್ ಮಾಡಿ, ಬ್ಲಾಕ್ ಮಾಡಿ. ಸ್ಕ್ರೀನ್‌ಶಾಟ್ ಮೊದಲು ಆಗಬೇಕು, ಡಿಲೀಟ್ ಮಾಡಿದ ಮೇಲೆ ತೋರಿಸೋಕೆ ಏನೂ ಉಳಿಯುವುದಿಲ್ಲ.

ನಿಮ್ಮ ಗೆಳೆಯರು ಪಕ್ಷ ವಹಿಸಿ ಅದೇ ಕಾಮೆಂಟ್ ಕೆಳಗೆ ಜಗಳಕ್ಕೆ ನಿಲ್ಲಬಹುದು. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ನೀವು ಎರಡು ಸಾಲಿನಲ್ಲಿ ಮುಗಿಸಿದ್ದು ಇಪ್ಪತ್ತು ಸಾಲಾಗುತ್ತದೆ. "ನಾನು ಹೇಳಿದ್ದೇನೆ, ನೀವು ಅಲ್ಲಿ ಬರೀಬೇಡಿ" ಅಂತ ಅವರಿಗೆ ಬೇರೆಯಾಗಿ ಮೆಸೇಜ್ ಮಾಡಿ. ಆಗಲೇ ಜಗಳ ಬೆಳೆದಿದ್ದರೆ ಆ ಮೊದಲ ಕಾಮೆಂಟನ್ನೇ ಡಿಲೀಟ್ ಮಾಡಿಬಿಡಿ, ಅದರ ಕೆಳಗಿನ ಉತ್ತರಗಳೆಲ್ಲ ಅದರ ಜೊತೆಗೇ ಹೋಗುತ್ತವೆ.