ಕೈ ಬಿಟ್ಟ ಮೇಲೂ ಮೇಲಕ್ಕೆ ಬಾಣ ಯಾಕೆ ಹಾಕುತ್ತೀರಿ?

ಸರ್, ಒರಟು ಇಳಿಜಾರಿನ ಮೇಲೆ ಮರದ ತುಂಡನ್ನು ಮೇಲಕ್ಕೆ ತಳ್ಳಿ ಕೈ ಬಿಟ್ಟಿದ್ದಾರೆ. ಅದಿನ್ನೂ ಮೇಲಕ್ಕೆ ಜಾರುತ್ತಿದೆ. ಸರಿಯಾದ ಫ್ರೀ ಬಾಡಿ ಡಯಾಗ್ರಾಂ ಆರಿಸಿ ಅಂತ ಪ್ರಶ್ನೆ. ಮೇಲ್ಮುಖ ಬಾಣ ಇರುವ ಆಯ್ಕೆ ಗುರುತು ಮಾಡಿದೆ, ತಪ್ಪಾಯಿತು. ಮೇಲಕ್ಕೆ ಹೋಗ್ತಾ ಇದ್ದರೆ ಮೇಲಕ್ಕೆ ಬಲ ಇರಲೇಬೇಕಲ್ವಾ?

ಇರಬೇಕಿಲ್ಲ. ಪ್ರತಿ ವರ್ಷವೂ ಈ ಪ್ರಶ್ನೆ ನನ್ನ ಮುಂದೆ ಬರುತ್ತದೆ, ಪ್ರತಿ ವರ್ಷವೂ ಅದೇ ತಪ್ಪು. ಒಂದೊಂದು ಬಾಣ ನೋಡುವಾಗಲೂ ಕೇಳಿಕೊಳ್ಳಿ: ಈ ಬಲ ಕೊಡುತ್ತಿರುವವರು ಯಾರು? ಗಾಳಿಯನ್ನು ಬಿಟ್ಟರೆ, ತುಂಡನ್ನು ಈಗ ಮುಟ್ಟಿಕೊಂಡಿರುವುದು ಹಲಗೆ ಮಾತ್ರ. ಮುಟ್ಟದೇ ಎಳೆಯುತ್ತಿರುವುದು ಭೂಮಿ ಮಾತ್ರ. ಕೈ ಬಿಟ್ಟಾಗಿದೆ, ಅದರ ಬಲವೂ ಅಲ್ಲಿಗೇ ಮುಗಿಯಿತು. ತುಂಡಿನಲ್ಲಿ ಉಳಿದಿರುವುದು ವೇಗ, ಬಲವಲ್ಲ. ಆ ವೇಗವೂ ಕಡಿಮೆಯಾಗುತ್ತಾ ಇದೆ. ನಿಜವಾಗಿ ಯಾರಾದರೂ ಮೇಲಕ್ಕೆ ತಳ್ಳುತ್ತಲೇ ಇದ್ದರೆ ಅದು ಹೀಗೆ ನಿಧಾನ ಆಗಬೇಕಿರಲಿಲ್ಲ.

ಭೂಮಿಯದು ಒಂದು ಬಾಣ: mg, ನೇರ ಕೆಳಕ್ಕೆ. ಹಲಗೆಯದು ಎರಡು. ಹಲಗೆಗೆ ಲಂಬವಾಗಿ N, ಹಲಗೆಯ ಉದ್ದಕ್ಕೆ ಘರ್ಷಣೆ f. ತುಂಡು ಹಲಗೆಯ ಮೇಲೆ ಮೇಲಕ್ಕೆ ಉಜ್ಜಿಕೊಂಡು ಹೋಗುತ್ತಿರುವುದರಿಂದ f ಇಳಿಜಾರಿನ ಕೆಳಕ್ಕೆ. ಒಟ್ಟು ಮೂರೇ ಬಾಣ.

‘ಇಳಿಜಾರು ಕಂಡರೆ ಘರ್ಷಣೆ ಮೇಲಕ್ಕೆ’ ಎಂದು ಶಾರ್ಟ್‌ಕಟ್ ಹೇಳಿಕೊಡುವವರಿದ್ದಾರೆ. ಅದನ್ನು ಮರೆತುಬಿಡಿ. ತುಂಡು ಕೆಳಕ್ಕೆ ಜಾರುವಾಗಲೋ, ಜಾರಲು ಹೊರಟು ನಿಂತಿರುವಾಗಲೋ ಮಾತ್ರ ಆ ಮಾತು ಸರಿ. ಇಂಥ ಪ್ರಶ್ನೆಯಲ್ಲಿ ಅದೇ ನಿಮ್ಮನ್ನು ಬೀಳಿಸುತ್ತದೆ.

ಇನ್ನೊಂದು ಆಯ್ಕೆಯೂ ಮೋಸ ಮಾಡುತ್ತದೆ. ಅದರಲ್ಲಿ N, f, mg ಮೂರೂ ಸರಿಯಾಗಿರುತ್ತವೆ, ಜೊತೆಗೆ mg sin θ ಅಂತ ಇನ್ನೊಂದು ಬಾಣ. ‘ಎಲ್ಲವೂ ಇದೆ’ ಅಂತ ಮಕ್ಕಳು ಅದನ್ನೇ ಆರಿಸುತ್ತಾರೆ. mg sin θ ಬೇರೆ ಬಲವಲ್ಲ, mg ಯ ಒಂದು ಭಾಗ. ಎರಡನ್ನೂ ಹಾಕಿದರೆ ಒಂದೇ ತೂಕವನ್ನು ಎರಡು ಸಲ ಎಣಿಸಿದಂತೆ.

ಲೆಕ್ಕ ಹಾಕಿಯೇ ನೋಡೋಣ. ತುಂಡು 2 ಕೆಜಿ, ಇಳಿಜಾರು 30 ಡಿಗ್ರಿ, ಘರ್ಷಣಾಂಕ 0.2, g 10 ಇರಲಿ. mg 20 ನ್ಯೂಟನ್. N ಅಂದರೆ 20 cos 30°, ಸುಮಾರು 17.3. f ಅದರ 0.2 ಪಾಲು, ಸುಮಾರು 3.5. ಹಾಗಾಗಿ N ಬಾಣ mg ಗಿಂತ ಸ್ವಲ್ಪ ಗಿಡ್ಡ ಇರಬೇಕು, f ತುಂಬಾ ಗಿಡ್ಡ. ಬಾಣದ ಉದ್ದ ಬಲದ ಅಳತೆಗೆ ಅಂತ ಪ್ರಶ್ನೆಯಲ್ಲಿ ಹೇಳಿದ್ದರೆ, N ಮತ್ತು mg ಒಂದೇ ಉದ್ದ ಇರುವ ಚಿತ್ರ ತಪ್ಪು. ಇಳಿಜಾರಿನ ಕೆಳಕ್ಕೆ mg sin 30° ಅಂದರೆ 10, ಅದಕ್ಕೆ f ನ 3.5 ಸೇರಿ ಒಟ್ಟು ಬಲ 13.5. ಆದ್ದರಿಂದಲೇ ತುಂಡಿನ ವೇಗ ಪ್ರತಿ ಸೆಕೆಂಡಿಗೂ ಸುಮಾರು 6.7 ಮೀ/ಸೆ ನಂತೆ ಇಳಿಯುತ್ತದೆ.

ಅದು ಮೇಲೆ ಹೋಗಿ ನಿಂತ ಕ್ಷಣ ಚಿತ್ರವೇ ಬದಲಾಗುತ್ತದೆ. ನಾನು ತರಗತಿಯಲ್ಲಿ ಡ್ರಾಯಿಂಗ್ ಬೋರ್ಡನ್ನು ಪುಸ್ತಕಗಳ ಮೇಲೆ ಓರೆಯಾಗಿಟ್ಟು ಡಸ್ಟರ್ ತಳ್ಳುತ್ತೇನೆ. ಮರದ ಬದಿ ಕೆಳಗಿದ್ದರೆ ಡಸ್ಟರ್ ಮೇಲೆ ಹೋಗಿ, ನಿಂತು, ವಾಪಸ್ ಜಾರುತ್ತದೆ. ತಿರುಗಿಸಿ ಬಟ್ಟೆಯ ಬದಿ ಕೆಳಗೆ ಮಾಡಿದರೆ ಅಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ. ಎರಡರಲ್ಲೂ ಹತ್ತುವಾಗ ಘರ್ಷಣೆ ಕೆಳಕ್ಕೆ, ಆಮೇಲೆ ಮೇಲಕ್ಕೆ. ನಿಂತುಬಿಟ್ಟ ತುಂಡಿನಲ್ಲಿ f ಎಷ್ಟು ಎಂದರೆ ಮಕ್ಕಳು ಥಟ್ಟನೆ μN ಅನ್ನುತ್ತಾರೆ. ನಮ್ಮ ತುಂಡಿಗೇ ಘರ್ಷಣಾಂಕ 0.7 ಇದ್ದಿದ್ದರೆ μN ಸುಮಾರು 12.1 ಆಗುತ್ತಿತ್ತು. ಅಷ್ಟು ಘರ್ಷಣೆ ಇದ್ದರೆ ನಿಂತ ತುಂಡು ತಾನಾಗಿ ಮೇಲಕ್ಕೆ ಹೊರಡಬೇಕಾಗುತ್ತದೆ! ನಿಂತಿರಲು ಬೇಕಾದ್ದು 10 ನ್ಯೂಟನ್, ಹಲಗೆ ಕೊಡುವುದೂ ಅಷ್ಟೇ.

ಆದ್ದರಿಂದ ಆಯ್ಕೆಗಳಿಗೆ ಹೋಗುವ ಮೊದಲು ಪ್ರಶ್ನೆಯ ಕ್ರಿಯಾಪದ ಓದಿ. ‘ಮೇಲಕ್ಕೆ ಜಾರುತ್ತಿದೆ’, ‘ಕ್ಷಣಕಾಲ ನಿಂತಿದೆ’, ‘ಕೆಳಕ್ಕೆ ಜಾರುತ್ತಿದೆ’, ಮೂರಕ್ಕೂ ಪ್ರಶ್ನೆಯಲ್ಲಿ ಕೊಟ್ಟ ಚಿತ್ರ ಒಂದೇ ಥರ ಕಾಣುತ್ತದೆ, ಉತ್ತರ ಒಂದೇ ಅಲ್ಲ.

N ಮತ್ತು mg ಕ್ರಿಯೆ-ಪ್ರತಿಕ್ರಿಯೆ ಜೋಡಿ ತಾನೇ?

ಅಲ್ಲ. ಎರಡೂ ಒಂದೇ ವಸ್ತುವಿನ ಮೇಲಿವೆ, ಜೋಡಿ ಯಾವಾಗಲೂ ಎರಡು ಬೇರೆ ವಸ್ತುಗಳ ಮೇಲಿರುತ್ತದೆ.

ನಯವಾದ ಮೇಜಿನ ಮೇಲೆ ದಾರಕ್ಕೆ ಕಟ್ಟಿದ ಕಲ್ಲು ವೃತ್ತದಲ್ಲಿ ಸುತ್ತುತ್ತಿದೆ. ದಾರದ ಎಳೆತದ ಜೊತೆಗೆ ಕೇಂದ್ರಾಭಿಮುಖ ಬಲಕ್ಕೂ ಬಾಣ ಹಾಕಬೇಕಾ?

ಬೇಡ. ಇಲ್ಲಿ ದಾರದ ಎಳೆತವೇ ಕೇಂದ್ರಾಭಿಮುಖ ಬಲ.

ಲಾರಿ ವೇಗ ಹೆಚ್ಚಿಸಿಕೊಳ್ಳುತ್ತಿದೆ, ಮೇಲಿರುವ ಪೆಟ್ಟಿಗೆ ಜಾರಿಲ್ಲ. ಪೆಟ್ಟಿಗೆಯ ಮೇಲಿನ ಘರ್ಷಣೆ ಹಿಂದಕ್ಕೆ ಅಂತ ನಮ್ಮ ಟ್ಯೂಷನ್‌ನಲ್ಲಿ ಹೇಳಿದರು, ಸರಿನಾ?

ತಪ್ಪು. ಮುಂದಕ್ಕೆ. ಪೆಟ್ಟಿಗೆಯನ್ನು ಲಾರಿಯ ಜೊತೆ ಮುಂದಕ್ಕೆ ಒಯ್ಯುತ್ತಿರುವುದೇ ಆ ಘರ್ಷಣೆ, ಬೇರೆ ಯಾರೂ ಅದನ್ನು ತಳ್ಳುತ್ತಿಲ್ಲ.